ಫೆಬ್ರವರಿಯಲ್ಲಿ ಖಾಲಿಯಾಗುವ ಖಾತೆ: ಸ್ಟಾರ್ಟಪ್ ಒಂದರ ಕ್ಯಾಶ್ ಫ್ಲೋ ಶೀಟ್ ಓದುವ ಬಗೆ

ಹಾಸನ, ಚಿಕ್ಕಮಗಳೂರು ಕಡೆ ಈಗ ಕಾಫಿ ತೋಟಗಳಿಗಾಗಿಯೇ ಏನಾದರೂ ಮಾಡುವ ಸಣ್ಣ ಕಂಪನಿಗಳು ಹುಟ್ಟುತ್ತಿವೆ. ಇಂಥ ಕಂಪನಿಗಳ ಕ್ಯಾಶ್ ಫ್ಲೋ ಶೀಟ್ ನೋಡುವಾಗ ಮೂರು ತಪ್ಪು ಮತ್ತೆ ಮತ್ತೆ ಸಿಗುತ್ತವೆ. ದುಡ್ಡು ನಿಜಕ್ಕೂ ಬರುವುದಕ್ಕಿಂತ ಮೊದಲೇ ಬಂದಂತೆ ಬರೆದಿರುತ್ತಾರೆ. ತೆರಿಗೆಯ ಸಾಲುಗಳೇ ಇರುವುದಿಲ್ಲ. ಎಲ್ಲ ಕೆಟ್ಟರೆ ಏನಾಗುತ್ತದೆ ಎಂಬ ಲೆಕ್ಕವಂತೂ ಇರುವುದೇ ಇಲ್ಲ. ಒಂದು ಕಲ್ಪಿತ ಕಂಪನಿಯನ್ನು ತೆಗೆದುಕೊಂಡು ಈ ಮೂರನ್ನೂ ಬಿಡಿಸಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾಡಿಕೊಂಡವು. ಆದರೆ ಅವು ನಡೆದುಕೊಳ್ಳುವ ರೀತಿ ನಿಜದ್ದೇ.

ಕಂಪನಿ ಇರುವುದು ಹಾಸನದಲ್ಲಿ. ಆರು ಜನ ಕೆಲಸ ಮಾಡುತ್ತಾರೆ. ಕಾಫಿ ತೋಟದ ಮಣ್ಣಿನಲ್ಲಿ ಎಷ್ಟು ತೇವ ಇದೆ ಅಂತ ಅಳೆದು ಮೊಬೈಲಿಗೆ ಕಳಿಸುವ ಸೆನ್ಸರ್ ಮಾಡಿ ಮಾರುತ್ತಾರೆ. ರೊಬಸ್ಟಾ ಬೆಳೆಗಾರರು ಹೂವಿಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ ಅಲ್ವಾ, ಸೆನ್ಸರ್ ಹೆಚ್ಚು ಬೇಕಾಗುವುದು ಆಗಲೇ. ಹಾಗಾಗಿ ಮಾರಾಟ ಅಕ್ಟೋಬರ್‌ನಲ್ಲಿ ನಿಧಾನವಾಗಿ ಶುರುವಾಗಿ ಫೆಬ್ರವರಿಯಲ್ಲಿ ಏರುತ್ತದೆ. ಮಳೆಗಾಲದಲ್ಲಿ ಮಾರಾಟ ಇಲ್ಲ, ಹಳೆಯ ಬಾಕಿಯೂ ಇಲ್ಲ ಅಂದುಕೊಳ್ಳೋಣ.

ಅಕ್ಟೋಬರ್ 1ಕ್ಕೆ ಬ್ಯಾಂಕಿನಲ್ಲಿ 30 ಲಕ್ಷ ಇದೆ. ಸಂಬಳ, ಬಾಡಿಗೆ, ಓಡಾಟ ಎಲ್ಲ ಸೇರಿ ತಿಂಗಳಿಗೆ 6 ಲಕ್ಷ ಖರ್ಚು. ಮಾರಾಟ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕ್ರಮವಾಗಿ 2, 4, 6, 8, 10, 8 ಲಕ್ಷ. ಮಾರಿದ ಮೊತ್ತದ 40 ಪರ್ಸೆಂಟ್ ಬಿಡಿಭಾಗಗಳಿಗೆ ಹೋಗುತ್ತದೆ. ಸಂಸ್ಥಾಪಕರು ಪ್ರತಿ ತಿಂಗಳ ಮಾರಾಟದಿಂದ ಬಿಡಿಭಾಗದ ಖರ್ಚನ್ನೂ 6 ಲಕ್ಷವನ್ನೂ ಕಳೆದಿದ್ದಾರೆ. ಮಾರ್ಚ್ ಕೊನೆಗೆ 16.8 ಲಕ್ಷ ಉಳಿಯುತ್ತದೆ. ಆರು ತಿಂಗಳಲ್ಲಿ ಕರಗಿದ್ದು 13.2 ಲಕ್ಷ, ಅಂದರೆ ತಿಂಗಳಿಗೆ 2.2 ಲಕ್ಷ. 30 ಲಕ್ಷವನ್ನು 2.2ರಿಂದ ಭಾಗಿಸಿ, ನಮಗೆ ಹದಿಮೂರು ತಿಂಗಳಿಗೂ ಮೀರಿ ರನ್‌ವೇ ಇದೆ ಅಂತ ಬರೆದುಕೊಂಡಿದ್ದಾರೆ. ಅಂದರೆ ಅಷ್ಟು ಕಾಲ ಹೊಸ ಹಣ ಬರದಿದ್ದರೂ ಕಂಪನಿ ನಡೆಯುತ್ತದೆ ಅಂತ.

ನಿಜದಲ್ಲಿ ಈ ಕಂಪನಿಯ ದುಡ್ಡು ಐದನೇ ತಿಂಗಳಿಗೇ ಮುಗಿಯುತ್ತದೆ. ಒಂದೇ ಒಂದು ಆರ್ಡರ್ ಕೈತಪ್ಪದೆ, ಒಂದು ರೂಪಾಯಿ ಮಾರಾಟ ಕಡಿಮೆಯಾಗದೆ ಹೀಗಾಗುತ್ತದೆ.

ಬಿಲ್ ಯಾವತ್ತು, ಹಣ ಯಾವತ್ತು

ಮೊದಲು ನೋಡಬೇಕಾದದ್ದು ಮಾರಾಟದ ಸಾಲು. ಅಲ್ಲಿ ಬರೆದ ತಿಂಗಳು ಬಿಲ್ ಹಾಕಿದ ತಿಂಗಳೋ, ಬ್ಯಾಂಕಿಗೆ ಹಣ ಬಂದ ತಿಂಗಳೋ? ಈ ಶೀಟಿನಲ್ಲಿ ಅದು ಬಿಲ್ ಹಾಕಿದ ತಿಂಗಳು. ಎರಡೂ ಒಂದೇ ಅಂತ ಶೀಟ್ ಸುಮ್ನೆ ಒಪ್ಪಿಕೊಂಡಿದೆ.

ಇದನ್ನು ಪರೀಕ್ಷಿಸಲು ಸಂಸ್ಥಾಪಕರ ಮಾತು ಕೇಳಬೇಕಾಗಿಲ್ಲ. ಕಳೆದ ಸೀಸನ್ನಿನ ಬಿಲ್ ಪಟ್ಟಿಯನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಪ್ರತಿ ಬಿಲ್ಲಿಗೂ ಬಿಲ್ ತಾರೀಖು, ಹಣ ಜಮೆಯಾದ ತಾರೀಖು, ನಡುವಿನ ದಿನಗಳು, ಇಷ್ಟನ್ನು ಬರೆಯಿರಿ. ಬಿಲ್ಲಿನ ಕೆಳಗೆ 30 ದಿನದೊಳಗೆ ಪಾವತಿಸಬೇಕು ಅಂತ ಅಚ್ಚಾಗಿರುತ್ತದೆ. ಅದು ಕಂಪನಿಯ ಆಸೆ. ನಿಮಗೆ ಬೇಕಾದದ್ದು ಗ್ರಾಹಕರ ಅಭ್ಯಾಸ. ದೊಡ್ಡ ಬಿಲ್ಲುಗಳನ್ನು ಬೇರೆಯಾಗಿಯೇ ನೋಡಿ, ಯಾಕೆಂದರೆ ಹತ್ತು ಸಣ್ಣ ಬಿಲ್ ಬೇಗ ಬಂದು ಒಂದು ದೊಡ್ಡದು ತಡವಾದರೂ ಸರಾಸರಿ ದಿನಗಳು ಚೆನ್ನಾಗಿಯೇ ಕಾಣುತ್ತವೆ.

ನಮ್ಮ ಕಡೆ ಈ ತಡಕ್ಕೆ ಗಟ್ಟಿ ಕಾರಣವಿದೆ. ಅರೇಬಿಕಾ ಕೊಯ್ಲು ಹೆಚ್ಚಾಗಿ ನವೆಂಬರ್‌ನಿಂದ ಜನವರಿವರೆಗೆ ನಡೆಯುತ್ತದೆ, ರೊಬಸ್ಟಾ ಅದರ ಹಿಂದೆ ಬರುತ್ತದೆ. ಆ ತಿಂಗಳುಗಳಲ್ಲಿ ಬೆಳೆಗಾರರ ಕೈಯಲ್ಲಿರುವ ನಗದೆಲ್ಲ ಕೊಯ್ಲಿನ ಕೂಲಿಗೆ ಹೋಗುತ್ತದೆ. ಹಣ್ಣು ಕಿತ್ತು, ಒಣಗಿಸಿ, ಮಾರಿದ ಮೇಲೆ ತಾನೆ ದುಡ್ಡು? ಅದರ ಮೇಲೆ, ರೇಟ್ ಏರಬಹುದು ಅನಿಸಿದರೆ ಒಣಗಿಸಿದ ಕಾಫಿಯನ್ನು, ಚೆರಿಯನ್ನೋ ಪಾರ್ಚ್‌ಮೆಂಟನ್ನೋ, ಗೋದಾಮಿನಲ್ಲೇ ಇಟ್ಟುಕೊಂಡು ಕಾಯುವವರೂ ಇದ್ದಾರೆ. ಸಕಲೇಶಪುರದ ಒಬ್ಬ ಬೆಳೆಗಾರರು ಡಿಸೆಂಬರ್‌ನಲ್ಲಿ ಸೆನ್ಸರ್ ಹಾಕಿಸಿಕೊಂಡು, "ಕಾಫಿ ಕೊಟ್ಟ ಮೇಲೆ ಕೊಡ್ತೀನಿ ಕಣಪ್ಪ" ಅಂದರೆ ಅದರಲ್ಲಿ ಮೋಸವೇನೂ ಇಲ್ಲ. ಅವರ ಆದಾಯ ಬರುವ ಕಾಲವೇ ಅದು. ತಪ್ಪಿರುವುದು ಅದನ್ನು ಡಿಸೆಂಬರ್ ಕಾಲಮ್ಮಿನಲ್ಲಿ ಬರೆದ ಶೀಟಿನಲ್ಲಿ.

ಪಟ್ಟಿ ಮಾಡಿ ನೋಡಿದಾಗ ಈ ಕಂಪನಿಗೆ ಬಿಲ್ಲಿನ 30 ಪರ್ಸೆಂಟ್ ಸೆನ್ಸರ್ ಕೂರಿಸಿದ ತಿಂಗಳೇ ಬರುತ್ತದೆ, ಉಳಿದ 70 ಪರ್ಸೆಂಟ್ ಮೂರು ತಿಂಗಳು ಬಿಟ್ಟು ಬರುತ್ತದೆ ಅಂತ ಗೊತ್ತಾಯಿತು ಅಂದುಕೊಳ್ಳಿ. ಇದನ್ನು ಶೀಟಿಗೆ ಹಾಕುವುದು ಸುಲಭ. ನಾಲ್ಕನೇ ಸಾಲಿನಲ್ಲಿ ಬಿಲ್ ಮೊತ್ತ ಇದ್ದು F ಕಾಲಮ್ ಈ ತಿಂಗಳಾಗಿದ್ದರೆ, C ಮೂರು ತಿಂಗಳ ಹಿಂದಿನದು. ವಸೂಲಿಯ ಸಾಲಿಗೆ ಈ ಸೂತ್ರ ಸಾಕು:

```
=$B$1*F4+(1-$B$1)*C4
```

B1ರಲ್ಲಿ 30% ಅಂತ ಒಂದೇ ಕಡೆ ಇರುತ್ತದೆ. ಮುಂದೆ ಅದನ್ನು 20 ಮಾಡಿ, 60 ಮಾಡಿ, ಏನಾಗುತ್ತದೆ ಅಂತ ನೋಡಬಹುದು.

ಇಷ್ಟೊಂದೇ ಬದಲಾವಣೆ ಮಾಡಿದರೂ ಚಿತ್ರವೇ ಬೇರೆಯಾಗುತ್ತದೆ. ಆರು ತಿಂಗಳಲ್ಲಿ 38 ಲಕ್ಷದ ಮಾರಾಟ ಆಗಿದೆ, ಬ್ಯಾಂಕಿಗೆ ಬಂದದ್ದು 19.8 ಲಕ್ಷ. ಉಳಿದ 18.2 ಲಕ್ಷ ಗ್ರಾಹಕರ ಹತ್ತಿರ ಬಾಕಿ ನಿಂತಿದೆ. ಮಾರ್ಚ್ ಕೊನೆಯ ಬ್ಯಾಲೆನ್ಸ್ 16.8 ಲಕ್ಷ ಇದ್ದದ್ದು ಸೊನ್ನೆಗಿಂತ 1.4 ಲಕ್ಷ ಕೆಳಗಿಳಿಯಿತು. ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಮಾರಾಟ ಬೆಳೆದಷ್ಟೂ ಈ ಬಾಕಿ ಬೆಳೆಯುತ್ತದೆ, ಬಿಡಿಭಾಗಕ್ಕೆ ಮಾತ್ರ ಹಣ ಇವತ್ತೇ ಬೇಕು. ಚೆನ್ನಾಗಿ ಮಾರುತ್ತಿರುವ ಕಂಪನಿಯೇ ಸಂಬಳ ಕೊಡಲು ಒದ್ದಾಡುವುದು ಹೀಗೆ.

ಗ್ರಾಹಕರಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಂಥ ಕಂಪನಿಗಳಿದ್ದರೆ, ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಎಂಬ ನಿಯಮ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿದೆ. ಬಾಕಿ ಕೇಳಲು ಅದು ಒಳ್ಳೆಯ ಆಧಾರ. ಆದರೆ ಶೀಟಿನಲ್ಲಿ 45 ಅಂತ ಬರೆಯಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಹೇಳುವ ದಿನಗಳನ್ನೇ ಬರೆಯಿರಿ.

ತೆರಿಗೆಯ ಕಾಲಮ್ ಎಲ್ಲಿ?

"ನಾವು ಸ್ಟಾರ್ಟಪ್ ಅಲ್ವಾ, ನಮಗೆ ಮೂರು ವರ್ಷ ತೆರಿಗೆ ಇಲ್ಲ." ಈ ಮಾತು ಬಹಳ ಕೇಳಿಬರುತ್ತದೆ. ಆ ವಿನಾಯಿತಿ ಇರುವುದು ಆದಾಯ ತೆರಿಗೆಗೆ, ಅದೂ ಲಾಭದ ಮೇಲೆ. ಸ್ಟಾರ್ಟಪ್ ಅಂತ ಸರ್ಕಾರದ ಮಾನ್ಯತೆ ಸಿಕ್ಕ ಮಾತ್ರಕ್ಕೆ ಅದು ಬರುವುದಿಲ್ಲ, ಬೇರೆಯೇ ಅರ್ಜಿ ಹಾಕಿ ಪ್ರಮಾಣಪತ್ರ ಪಡೆಯಬೇಕು. ನಷ್ಟದಲ್ಲಿರುವ ಕಂಪನಿಗೆ ಹೇಗೂ ಆದಾಯ ತೆರಿಗೆ ಇಲ್ಲ. ಬ್ಯಾಂಕ್ ಖಾತೆಯನ್ನು ಪ್ರತಿ ತಿಂಗಳು ಮುಟ್ಟುವುದು ಜಿಎಸ್‌ಟಿ ಮತ್ತು ಟಿಡಿಎಸ್. ಸ್ಟಾರ್ಟಪ್ ಅಂದ ಮಾತ್ರಕ್ಕೆ ಅವು ತಪ್ಪುವುದಿಲ್ಲ.

ಸಂಸ್ಥಾಪಕರು ಜಿಎಸ್‌ಟಿಯನ್ನು ಶೀಟಿನಿಂದ ಬಿಟ್ಟಿದ್ದಕ್ಕೆ ಒಂದು ತರ್ಕವಿದೆ. ಗ್ರಾಹಕರಿಂದ ತೆಗೆದುಕೊಂಡು ಸರ್ಕಾರಕ್ಕೆ ಕೊಡುತ್ತೇವೆ, ನಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಅಂತ. ಲಾಭ ನಷ್ಟದ ಲೆಕ್ಕಕ್ಕೆ ಅದು ಸರಿ. ನಗದಿನ ಲೆಕ್ಕದಲ್ಲಿ ಅದು ಕೆಡುತ್ತದೆ, ಯಾಕೆಂದರೆ ಜಿಎಸ್‌ಟಿ ಕಟ್ಟಬೇಕಾದ ದಿನ ಗ್ರಾಹಕ ಹಣ ಕೊಟ್ಟ ದಿನದ ಮೇಲೆ ನಿಂತಿಲ್ಲ. ವಸ್ತು ಮಾರುವವರಿಗೆ ಬಿಲ್ಲಿನ ತಾರೀಖೇ ಲೆಕ್ಕ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಈ ತಿಂಗಳ ಬಿಲ್ಲುಗಳ ತೆರಿಗೆಯನ್ನು ಮುಂದಿನ ತಿಂಗಳು 20ರೊಳಗೆ GSTR-3B ಜೊತೆ ಕಟ್ಟಬೇಕು. ತಡವಾದರೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ.

ಫೆಬ್ರವರಿಯ 10 ಲಕ್ಷದ ಮಾರಾಟವನ್ನೇ ತೆಗೆದುಕೊಳ್ಳೋಣ. ಜಿಎಸ್‌ಟಿ 18 ಪರ್ಸೆಂಟ್ ಅಂದುಕೊಂಡರೆ ಬಿಲ್ 11.8 ಲಕ್ಷ. ಅದರಲ್ಲಿ ಫೆಬ್ರವರಿಯಲ್ಲಿ ಬರುವುದು 3.54 ಲಕ್ಷ. ಅದೇ ತಿಂಗಳು ಬಿಡಿಭಾಗಕ್ಕೆ 4 ಲಕ್ಷ, ಅದರ ಮೇಲಿನ ಜಿಎಸ್‌ಟಿ 72 ಸಾವಿರ ಸೇರಿ 4.72 ಲಕ್ಷ ಹೊರಗೆ ಹೋಗುತ್ತದೆ. ಮಾರ್ಚ್ 20ಕ್ಕೆ 1.8 ಲಕ್ಷ ತೆರಿಗೆಯಲ್ಲಿ ಈ 72 ಸಾವಿರ ಕಳೆದು 1.08 ಲಕ್ಷ ಕಟ್ಟಬೇಕು. ಉಳಿದ 8.26 ಲಕ್ಷ ಬರುವುದು ಮೇ ತಿಂಗಳಲ್ಲಿ. ಅಂದರೆ ಗ್ರಾಹಕರು ಇನ್ನೂ ಕೊಡದ ತೆರಿಗೆಯನ್ನು ಕಂಪನಿ ತನ್ನ ಜೇಬಿನಿಂದ ಎರಡು ತಿಂಗಳು ಮೊದಲೇ ಕಟ್ಟಿರುತ್ತದೆ. ಎಲ್ಲ ಬಿಲ್ಲುಗಳಿಗೂ ಹೀಗೆ ಮಾಡಿದರೆ ಮಾರ್ಚ್ ಕೊನೆಗೆ ಸುಮಾರು 2.4 ಲಕ್ಷ ಜಿಎಸ್‌ಟಿಯಲ್ಲೇ ಸಿಕ್ಕಿಕೊಂಡಿರುತ್ತದೆ.

ಬಿಡಿಭಾಗದ ಆ 72 ಸಾವಿರ ಕಳೆಯಲೂ ಒಂದು ಶರತ್ತಿದೆ. ಬಿಡಿಭಾಗ ಮಾರಿದವರು ತಮ್ಮ ರಿಟರ್ನಿನಲ್ಲಿ ಆ ಬಿಲ್ ತೋರಿಸಿರಬೇಕು, ಅದು ನಿಮ್ಮ ಖರೀದಿ ಬಿಲ್ಲುಗಳನ್ನು ತೋರಿಸುವ GSTR-2B ಪಟ್ಟಿಯಲ್ಲಿ ಕಾಣಬೇಕು. ಅವರು ತೋರಿಸದಿದ್ದರೆ ಆ ತಿಂಗಳು ಪೂರ್ತಿ 1.8 ಲಕ್ಷ ಕಟ್ಟಬೇಕಾಗುತ್ತದೆ. ಹಾಗಾಗಿ 15ನೇ ತಾರೀಖಿನ ಹೊತ್ತಿಗೆ 2B ನೋಡುವ ಅಭ್ಯಾಸ ಬೇಕು. ಸೇವೆಗಳಿಗೆ ನಿಯಮ ಇನ್ನೂ ಸ್ವಲ್ಪ ಬಿಗಿ. ಆ್ಯಪ್‌ನ ವರ್ಷದ ಚಂದಾವನ್ನು ಮುಂಗಡವಾಗಿ ಪಡೆದರೆ, ಬಿಲ್ ಹಾಕದಿದ್ದರೂ ಹಣ ಬಂದ ತಿಂಗಳಿಗೇ ತೆರಿಗೆ ಲೆಕ್ಕ. ನಿಮ್ಮ ವಸ್ತುವಿಗೆ ದರ ಎಷ್ಟು ಅನ್ನುವುದನ್ನು ಆಡಿಟರ್ ಹತ್ತಿರ ಕೇಳಿಯೇ ಶೀಟಿಗೆ ಹಾಕಿ.

ಟಿಡಿಎಸ್‌ನದ್ದು ಬೇರೆ ಥರದ ಮರೆವು. ಸಂಸ್ಥಾಪಕರು ಸಂಬಳದ ಸಾಲಿನಲ್ಲಿ ನೌಕರರ ಖಾತೆಗೆ ಹಾಕುವ ಮೊತ್ತವನ್ನು ಬರೆದಿದ್ದಾರೆ. ಇಬ್ಬರು ಹಿರಿಯ ಇಂಜಿನಿಯರ್‌ಗಳ ಸಂಬಳದಿಂದ ಹಿಡಿದ 25 ಸಾವಿರ ಟಿಡಿಎಸ್ ಮುಂದಿನ ತಿಂಗಳು 7ಕ್ಕೆ ಸರ್ಕಾರಕ್ಕೆ ಹೋಗಬೇಕು, ಅದು ಶೀಟಿನಲ್ಲಿ ಎಲ್ಲೂ ಇಲ್ಲ. ಆರು ತಿಂಗಳಿಗೆ ಒಂದೂವರೆ ಲಕ್ಷ. ಕಷ್ಟದ ತಿಂಗಳಲ್ಲಿ ಈ ಹಣ ಖಾತೆಯಲ್ಲಿ ಕೂತಿರುತ್ತದೆ, ಬಳಸಿಬಿಡೋಣ ಅನಿಸುತ್ತದೆ. ಅದು ನೌಕರರ ತೆರಿಗೆ. ಹಿಡಿದು ಕಟ್ಟದಿದ್ದರೆ ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ, ಮುಂದುವರಿದರೆ ಕೇಸ್ ಕೂಡ ಆಗಬಹುದು. ಇದಕ್ಕೆ ಬೇರೆಯೇ ಒಂದು ಖಾತೆ ತೆರೆದು ಸಂಬಳದ ದಿನವೇ ಅದಕ್ಕೆ ಹಾಕುವುದು ನನ್ನ ಪ್ರಕಾರ ಅತ್ಯಂತ ಸುರಕ್ಷಿತ.

ಪಿಎಫ್ ಸಾಮಾನ್ಯವಾಗಿ 20 ಜನರಿಗೆ, ಇಎಸ್‌ಐ 10 ಜನರಿಗೆ ಕಡ್ಡಾಯವಾಗುತ್ತದೆ. ಆರು ಜನರ ಈ ಕಂಪನಿಗೆ ಇವತ್ತು ಬರುವುದಿಲ್ಲ. ಆದರೆ ಶೀಟಿನಲ್ಲಿ ಮುಂದಿನ ವರ್ಷ ಹನ್ನೆರಡು ಜನ ಅಂತ ಬರೆದಿದ್ದರೆ ಇಎಸ್‌ಐ ಸಾಲೂ ಬೇಕು. ಆಡಿಟ್ ಫೀಸು, ವಿಮೆ, ವರ್ಷಕ್ಕೊಮ್ಮೆ ಬರುವ ಇಂಥವನ್ನೂ ಅವು ಬರುವ ತಿಂಗಳಲ್ಲೇ ಬರೆಯಬೇಕು.

ಎಲ್ಲ ಕೆಟ್ಟರೆ

ಈಗ ಮೂರನೆಯದು. ಅತಿ ಕೆಟ್ಟ ಸ್ಥಿತಿಯ ಲೆಕ್ಕ ಮಾಡಿ ಅಂದರೆ ಹಲವರು ಮಾರಾಟವನ್ನು ಹತ್ತು ಪರ್ಸೆಂಟ್ ಇಳಿಸಿ ಇನ್ನೊಂದು ಕಾಲಮ್ ಮಾಡುತ್ತಾರೆ. ಆ ಹತ್ತು ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಕೆಟ್ಟ ಸ್ಥಿತಿ ಈ ವ್ಯಾಪಾರದಲ್ಲಿ ನಿಜವಾಗಿ ಆಗಬಹುದಾದ ಘಟನೆಯಿಂದ ಹುಟ್ಟಬೇಕು.

ಸೆನ್ಸರ್ ಕಂಪನಿಗೆ ಅಂಥ ಘಟನೆ ಯಾವುದು? ಹೂಮಳೆ ಬೇಗ ಬರುವುದು. ಫೆಬ್ರವರಿಯಲ್ಲೇ ಒಳ್ಳೆಯ ಮಳೆ ಬಿದ್ದರೆ ರೊಬಸ್ಟಾ ತಾನಾಗಿಯೇ ಹೂ ಬಿಡುತ್ತದೆ, ಸ್ಪ್ರಿಂಕ್ಲರ್ ಕೆಲಸ ಕಡಿಮೆಯಾಗುತ್ತದೆ, ಸೆನ್ಸರ್ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಅದರ ಜೊತೆಗೆ ಕಾಫಿ ರೇಟ್ ಇಳಿದರೆ ಬೆಳೆಗಾರರು ಮಾಲು ಹಿಡಿದಿಟ್ಟುಕೊಳ್ಳುತ್ತಾರೆ, ಹಳೆಯ ಬಾಕಿಯೂ ನಿಲ್ಲುತ್ತದೆ. ಹೊಸ ಮಾರಾಟ ಕುಸಿಯುವುದು, ಹಳೆಯ ಹಣ ತಡವಾಗುವುದು, ಇವೆರಡೂ ಒಟ್ಟಿಗೆ ಬರಬಹುದು ಅನ್ನುವುದೇ ಮುಖ್ಯ. ಒಂದೊಂದನ್ನೇ ಬೇರೆ ಬೇರೆಯಾಗಿ ನೋಡಿದ ಶೀಟ್ ಎರಡನ್ನೂ ತಡೆದುಕೊಳ್ಳುವಂತೆ ತೋರಿಸುತ್ತದೆ.

ಹಾಗಾಗಿ ಕೆಟ್ಟ ಲೆಕ್ಕದಲ್ಲಿ ಜನವರಿಯಿಂದ ಮಾರಾಟ ಯೋಜನೆಯ 60 ಪರ್ಸೆಂಟಿಗೆ ಇಳಿಸೋಣ. 70 ಪರ್ಸೆಂಟ್ ಬಾಕಿ ಮೂರು ತಿಂಗಳ ಬದಲು ಐದು ತಿಂಗಳಿಗೆ ಬರಲಿ. ತೆರಿಗೆಯ ದರ, ಸಂಬಳ ಯಾವುದೂ ಬದಲಾಗುವುದಿಲ್ಲ. ತಿದ್ದಿದ ಶೀಟ್ ಅಂದರೆ ತಡವಾದ ವಸೂಲಿ, ಜಿಎಸ್‌ಟಿ, ಟಿಡಿಎಸ್ ಮೂರನ್ನೂ ಸೇರಿಸಿದ್ದು. ತಿಂಗಳ ಕೊನೆಯ ಬ್ಯಾಲೆನ್ಸ್ ಲಕ್ಷಗಳಲ್ಲಿ ಹೀಗೆ ಬರುತ್ತದೆ:

| ತಿಂಗಳು | ಸಂಸ್ಥಾಪಕರ ಶೀಟ್ | ತಿದ್ದಿದ ಶೀಟ್ | ಕೆಟ್ಟ ಲೆಕ್ಕ |
|---|---|---|---|
| ಅಕ್ಟೋಬರ್ | 25.2 | 23.5 | 23.5 |
| ನವೆಂಬರ್ | 21.6 | 16.6 | 16.6 |
| ಡಿಸೆಂಬರ್ | 19.2 | 9.2 | 9.2 |
| ಜನವರಿ | 18.0 | 3.0 | 1.7 |
| ಫೆಬ್ರವರಿ | 18.0 | −2.0 | −5.8 |
| ಮಾರ್ಚ್ | 16.8 | −5.3 | −11.6 |

ಎರಡು ಲೆಕ್ಕದಲ್ಲೂ ಹಣ ಮುಗಿಯುವುದು ಫೆಬ್ರವರಿಯಲ್ಲೇ. ಹಾಗಾದರೆ ಕೆಟ್ಟ ಲೆಕ್ಕದಿಂದ ಹೊಸದಾಗಿ ಗೊತ್ತಾಗಿದ್ದು ಏನು? ಮುಂದಿನ ತಿಂಗಳುಗಳನ್ನು ನೋಡಿ. ಏಪ್ರಿಲ್‌ನಿಂದ ಜೂನ್‌ವರೆಗೆ ಹೊಸ ಮಾರಾಟ ಇಲ್ಲ ಅಂದುಕೊಂಡರೂ, ತಿದ್ದಿದ ಶೀಟಿನಲ್ಲಿ ಕೊರತೆ ಏಪ್ರಿಲ್ ಕೊನೆಗೆ 5.8 ಲಕ್ಷ ಮುಟ್ಟಿ, ಬಾಕಿ ಬಂದಂತೆ ಜೂನ್ ಹೊತ್ತಿಗೆ 3.5 ಲಕ್ಷದ ಹತ್ತಿರಕ್ಕೆ ಇಳಿಯುತ್ತದೆ. ಕೆಟ್ಟ ಲೆಕ್ಕದಲ್ಲಿ ಜೂನ್ ಕೊನೆಗೆ ಅದು 18.6 ಲಕ್ಷ, ಇನ್ನೂ ಹೆಚ್ಚುತ್ತಲೇ ಇದೆ.

ಇವೆರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದರಲ್ಲಿ ಮಾರ್ಚ್ ಕೊನೆಗೆ ಜಿಎಸ್‌ಟಿ ಸೇರಿ 21 ಲಕ್ಷಕ್ಕೂ ಮೀರಿ ಬಾಕಿ ಬರಬೇಕಿದೆ. ಬಿಲ್ಲುಗಳನ್ನು ತೋರಿಸಿ ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ಕೇಳಬಹುದು, ಕೆಲವು ತಿಂಗಳ ಅಂತರ ದಾಟಿದರೆ ಕೊರತೆ ಒಂದಷ್ಟು ಇಳಿಯುತ್ತದೆ. ಎರಡನೆಯದಕ್ಕೆ ಸಾಲ ಹಾಕಿದರೆ ಸಾಲ ಮಾತ್ರ ಬೆಳೆಯುತ್ತದೆ. ಅಲ್ಲಿ ಖರ್ಚು ಇಳಿಸಬೇಕು ಅಥವಾ ಹೊಸ ಬಂಡವಾಳ ತರಬೇಕು. ಬಂಡವಾಳ ತರಲು ತಿಂಗಳುಗಟ್ಟಲೆ ಬೇಕು, ಖಾತೆ ಖಾಲಿಯಾದ ಮೇಲೆ ಕೇಳಿದರೆ ಷರತ್ತುಗಳೂ ಕೆಟ್ಟದಾಗಿರುತ್ತವೆ. ಸರ್ಕಾರದ ಅನುದಾನದ ಎರಡನೇ ಕಂತನ್ನು ಕೆಲವರು ಇದಕ್ಕೆ ಉತ್ತರ ಅಂತ ತೋರಿಸುತ್ತಾರೆ. ಅದು ಖಾತೆಗೆ ಬೀಳುವವರೆಗೂ ಕೆಟ್ಟ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ.

ಟೇಬಲ್‌ನಲ್ಲಿ ನನಗೆ ಹೆಚ್ಚು ಆತಂಕ ತರುವ ಸಾಲು ಡಿಸೆಂಬರ್. ಎರಡೂ ಲೆಕ್ಕದಲ್ಲಿ 9.2 ಲಕ್ಷ. ನೀವು ಯಾವ ದಾರಿಯಲ್ಲಿದ್ದೀರಿ ಅಂತ ಆ ದಿನದ ಬ್ಯಾಲೆನ್ಸ್ ನೋಡಿ ಗೊತ್ತಾಗುವುದೇ ಇಲ್ಲ. ಗೊತ್ತಾಗುವ ಹೊತ್ತಿಗೆ, ಅಂದರೆ ಜನವರಿ ಕೊನೆಗೆ, ಕೈಯಲ್ಲಿ ಅರ್ಧ ತಿಂಗಳ ಖರ್ಚಿಗೆ ಮಾತ್ರ ದುಡ್ಡಿರುತ್ತದೆ. ಆದ್ದರಿಂದ ಕೆಟ್ಟ ಲೆಕ್ಕದ ಪಕ್ಕದಲ್ಲಿ ಒಂದು ತಾರೀಖನ್ನೂ ಎರಡು ಗುರುತುಗಳನ್ನೂ ಬರೆದಿಡಬೇಕು. ಈ ಕಂಪನಿಗೆ ತಾರೀಖು ಜನವರಿ 10. ಅಕ್ಟೋಬರ್ ಬಿಲ್ಲಿನ ಬಾಕಿ, ಜಿಎಸ್‌ಟಿ ಸೇರಿ 1.65 ಲಕ್ಷ, ಆ ಹೊತ್ತಿಗೆ ಬರಲು ಶುರುವಾಗಿದೆಯೇ? ಜನವರಿಯ 8 ಲಕ್ಷದಲ್ಲಿ ಅಡ್ವಾನ್ಸ್ ಸಮೇತ ಪಕ್ಕಾ ಆದ ಆರ್ಡರ್ 5 ಲಕ್ಷವನ್ನಾದರೂ ದಾಟಿದೆಯೇ? ಎರಡಕ್ಕೂ ಇಲ್ಲ ಅಂತಾದರೆ ಅವತ್ತೇ ಬಿಡಿಭಾಗದ ಖರೀದಿ ನಿಲ್ಲಬೇಕು, ಸಂಸ್ಥಾಪಕರ ಸಂಬಳ ಇಳಿಯಬೇಕು, ಬಂಡವಾಳ ಹಾಕಿದವರಿಗೆ ಫೋನ್ ಹೋಗಬೇಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಅಕ್ಟೋಬರ್‌ನಲ್ಲೇ, ಒತ್ತಡ ಇಲ್ಲದಿರುವಾಗ ಬರೆದಿಟ್ಟುಕೊಳ್ಳುವುದು ಲೇಸು.

ಇಷ್ಟರಲ್ಲೂ ಕಂಪನಿಯ ಕೈಯಲ್ಲೇ ಇರುವ ಒಂದು ಸಾಧನವಿದೆ. ಸೆನ್ಸರ್ ಕೂರಿಸಿದ ತಿಂಗಳೇ ಬರುವ ಪಾಲನ್ನು, ಅಂದರೆ B1 ಅನ್ನು, 30ರ ಬದಲು 60 ಮಾಡಿ ನೋಡಿ. ತಿದ್ದಿದ ಶೀಟಿನಲ್ಲಿ ಫೆಬ್ರವರಿ ಕೊನೆಗೆ ಎರಡು ಲಕ್ಷ ಕೊರತೆ ಇದ್ದದ್ದು 6.5 ಲಕ್ಷ ಉಳಿಕೆಯಾಗುತ್ತದೆ, ಏಪ್ರಿಲ್ ಕೊನೆವರೆಗೂ ಖಾತೆ ಸೊನ್ನೆಗಿಳಿಯುವುದಿಲ್ಲ. ಮೇನಲ್ಲಿ ಸುಮಾರು ಒಂದು ಲಕ್ಷ ಕಡಿಮೆ ಬೀಳುತ್ತದೆ. ಇದರಿಂದ ಮಾರಾಟ ಒಂದು ಪೈಸೆಯೂ ಹೆಚ್ಚಾಗಿಲ್ಲ, ನಂತರ ಬರಬೇಕಾದದ್ದು ಮೊದಲೇ ಬಂದಿದೆ ಅಷ್ಟೆ. ಜೂನ್ ಕೊನೆಯ ಕೊರತೆ ಹಾಗೇ ಇರುತ್ತದೆ. ಆದರೆ ಮೂರು ತಿಂಗಳ ಸಮಯ ಸಿಗುತ್ತದೆ. ಕೊಯ್ಲಿನ ಮಧ್ಯೆ ಬೆಳೆಗಾರರು ಅಷ್ಟು ಅಡ್ವಾನ್ಸ್ ಕೊಡುತ್ತಾರೆಯೇ ಅನ್ನುವುದು ಬೇರೆ ಪ್ರಶ್ನೆ. ಅದನ್ನು ಮೂಡಿಗೆರೆಯಲ್ಲೋ ಬೇಲೂರಿನಲ್ಲೋ ನಾಲ್ಕೈದು ತೋಟದವರನ್ನು ಸೆಪ್ಟೆಂಬರ್‌ನಲ್ಲೇ ಕೇಳಿ ತಿಳಿದುಕೊಳ್ಳಬಹುದು. ಅವರು ಒಪ್ಪಿದ ಪ್ರಮಾಣವನ್ನೇ B1ಗೆ ಹಾಕಿ.